ಓದುಗರ ಪ್ರಶ್ನೆ: ಮದುವೆಯಾಗಿ ಪುಣೆಗೆ ಹೋಗುವ ಭಯವನ್ನು ಹುಡುಗನಿಗೆ ಹೇಗೆ ಬರೆದು ತಿಳಿಸಲಿ?

ಪ್ರಶ್ನೆ: ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ನಿಶ್ಚಿತಾರ್ಥ ಆಗಿದೆ, ಮೂರು ತಿಂಗಳಿಗೆ ಮದುವೆ. ಹುಡುಗ ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ, ಒಳ್ಳೆಯವರು. ಆದರೆ ಊರು, ಕೆಲಸ ಎರಡನ್ನೂ ಬಿಟ್ಟು ಹೋಗುವುದು ನೆನಪಾದರೆ ನಿದ್ದೆ ಬರುವುದಿಲ್ಲ. ಫೋನಿನಲ್ಲಿ ಹೇಳಲು ಹೋದರೆ ಅಳು ಬರುತ್ತದೆ. ಬರೆದು ಕಳಿಸಿದರೆ ಮದುವೆಯೇ ಬೇಡವೆನ್ನುತ್ತಿದ್ದಾಳೆ ಎಂದುಕೊಂಡಾರು ಎಂಬ ಹೆದರಿಕೆ. ಹೇಗೆ ಬರೆಯಲಿ?

ಉತ್ತರ: ಬರೆದೇ ಕಳಿಸಿ. ಅವರು ಮನೆ ಬಾಡಿಗೆಗೆ ಹಿಡಿಯುವ ಮೊದಲೇ ಕಳಿಸಿ. ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು, ಅದನ್ನು ನೋಂದಾಯಿಸಲೇಬೇಕು. ಅವಧಿಗೆ ಮೊದಲೇ ಮನೆ ಬಿಟ್ಟರೆ ಡಿಪಾಸಿಟ್‌ನಲ್ಲಿ ಇಂತಿಷ್ಟು ಹಿಡಿದುಕೊಳ್ಳುತ್ತೇವೆ ಎಂಬ ಷರತ್ತನ್ನು ಬಹಳಷ್ಟು ಮಾಲೀಕರು ಹಾಕಿಸುತ್ತಾರೆ. ಒಮ್ಮೆ ಸಹಿ ಬಿದ್ದ ಮೇಲೆ ನಿಮ್ಮ ಭಯವನ್ನು ಅವರು ಎಷ್ಟೇ ಒಪ್ಪಿಕೊಂಡರೂ ಬದಲಾಯಿಸಲು ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಮದುವೆಗೆ ಇನ್ನೂ ಮೂರು ತಿಂಗಳಿದೆ ಎಂದರೆ ಮನೆ ಹುಡುಕಾಟ ಈಗಲೇ ಶುರುವಾಗಿರಬಹುದು.

ಮೊದಲು ಭಯವನ್ನು ಬಿಡಿಸಿ ನೋಡಿ. "ನನಗೆ ಪುಣೆಗೆ ಬರಲು ಭಯ" ಎಂದಷ್ಟೇ ಬರೆದರೆ "ನಾನಿದ್ದೀನಲ್ಲ" ಎಂಬ ಉತ್ತರ ಬರುತ್ತದೆ. ಅದು ಪ್ರೀತಿಯ ಮಾತೇ, ಆದರೆ ಅದರಿಂದ ನಿಮ್ಮ ನಿದ್ದೆ ಮರಳುವುದಿಲ್ಲ. ಅವರು ಏನು ಮಾಡಬೇಕೆಂದು ನೀವು ಹೇಳಿಲ್ಲವಾದ್ದರಿಂದ ಅವರೂ ಏನೂ ಮಾಡುವುದಿಲ್ಲ. ಆದ್ದರಿಂದ ಒಂದು ಹಾಳೆಯಲ್ಲಿ ಎಲ್ಲ ಭಯಗಳನ್ನೂ ಬರೆದುಕೊಂಡು, ಪ್ರತಿಯೊಂದರ ಪಕ್ಕದಲ್ಲಿ "ಹೀಗಾದರೆ ಯಾವ ದಿನ, ಏನು ಆಗುತ್ತದೆ?" ಎಂದು ಕೇಳಿಕೊಳ್ಳಿ. ಮರಾಠಿ ಬರುವುದಿಲ್ಲ ಎಂಬುದು, ಅಮ್ಮ ದೂರವಾಗುತ್ತಾಳೆ ಎಂಬುದು ನಿಜವಾದ ನೋವುಗಳೇ. ಆದರೆ ಪುಣೆ–ಹುಬ್ಬಳ್ಳಿ ನಡುವೆ ರೈಲಿದೆ, ರಾತ್ರಿ ಬಸ್ಸಿದೆ. ವಾರ್ಡಿಗೆ ಬೇಕಾಗುವಷ್ಟು ಮರಾಠಿ ಕೆಲಸದಲ್ಲೇ ಕಿವಿಗೆ ಬೀಳುತ್ತದೆ. ಇವನ್ನು ಬೇರೆ ದಿನ ಮಾತಾಡಬಹುದು. ಈ ಸಂದೇಶಕ್ಕೆ ಎರಡೇ ಸಾಕು: ಈಗ ತೀರ್ಮಾನಿಸದಿದ್ದರೆ ಮುಂದೆ ಕೈಮೀರುವಂಥವು. ಏಳೆಂಟು ಭಯ ಒಟ್ಟಿಗೆ ಕಂಡರೆ ಓದುವವರಿಗೆ ಅದು ಮದುವೆಯನ್ನೇ ಬೇಡವೆಂದ ಹಾಗೆ ಕಾಣುತ್ತದೆ. ನಿಮ್ಮ ಹೆದರಿಕೆಯೂ ಅದೇ ಅಲ್ಲವೇ?

ನಿಮ್ಮ ವಿಷಯದಲ್ಲಿ ಮೊದಲನೆಯದು ಕೆಲಸ. ನರ್ಸಿಂಗ್ ನೋಂದಣಿ ರಾಜ್ಯ ಕೌನ್ಸಿಲ್‌ನದು. ಕರ್ನಾಟಕದ ನೋಂದಣಿ ಇದ್ದವರು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ಮತ್ತೆ ಹೆಸರು ದಾಖಲಿಸಬೇಕು, ಅದಕ್ಕೆ ಕರ್ನಾಟಕ ಕೌನ್ಸಿಲ್ ನಿಮ್ಮ ದಾಖಲೆ ಸರಿಯಿದೆ ಎಂದು ದೃಢೀಕರಿಸಬೇಕು. ಇದಕ್ಕೆ ವಾರಗಳು ಹಿಡಿಯುತ್ತವೆ, ಕಾಗದ ಸರಿಯಿಲ್ಲದಿದ್ದರೆ ತಿಂಗಳುಗಳು. ಹೆಚ್ಚು ಎಡವುವುದು ಹೆಸರಿನಲ್ಲಿ. ಮದುವೆಯಾದ ಕೂಡಲೇ ಆಧಾರ್‌ನಲ್ಲಿ ಗಂಡನ ಹೆಸರು, ಅಡ್ಡಹೆಸರು ಸೇರಿಸಿಬಿಟ್ಟರೆ ಅಂಕಪಟ್ಟಿಯಲ್ಲಿ ಒಂದು ಹೆಸರು, ಗುರುತಿನ ಚೀಟಿಯಲ್ಲಿ ಇನ್ನೊಂದು ಹೆಸರಾಗಿ ಅರ್ಜಿ ಅಲ್ಲೇ ನಿಲ್ಲಬಹುದು. ಆದ್ದರಿಂದ ನೋಂದಣಿ ಮುಗಿಯುವವರೆಗೆ ಹೆಸರು ಮುಟ್ಟಬೇಡಿ. ದೃಢೀಕರಣದ ಅರ್ಜಿಯನ್ನು ಹುಬ್ಬಳ್ಳಿಯಲ್ಲಿರುವಾಗಲೇ ಹಾಕಿ, ಈಗಿನ ಆಸ್ಪತ್ರೆಯಿಂದ ಅನುಭವ ಪತ್ರ, ಬಿಡುಗಡೆ ಪತ್ರ ಕೈಗೆ ಬಂದ ಮೇಲೆಯೇ ಊರು ಬಿಡಿ.

ಎರಡನೆಯದು ಹಣ. ಬಹಳಷ್ಟು ಹೆಣ್ಣುಮಕ್ಕಳು ಇದನ್ನು ಬರೆಯುವುದೇ ಇಲ್ಲ, ಸಂಕೋಚ. ನೀವು ತವರಿಗೆ ತಿಂಗಳಿಗೆ 8,000 ರೂಪಾಯಿ ಕೊಡುತ್ತೀರಿ ಎಂದಿಟ್ಟುಕೊಳ್ಳೋಣ. ನಾಲ್ಕು ತಿಂಗಳು ಸಂಬಳ ಇಲ್ಲದಿದ್ದರೆ ಅದು 32,000. ಅಷ್ಟನ್ನು ಮದುವೆಗೆ ಮೊದಲೇ ನಿಮ್ಮ ಖಾತೆಯಲ್ಲಿ ಬೇರೆ ಇಟ್ಟರೆ ನಾಲ್ಕು ತಿಂಗಳು ಯಾರನ್ನೂ ಕೇಳಬೇಕಿಲ್ಲ. ಐದನೇ ತಿಂಗಳ ಮಾತನ್ನು ಮಾತ್ರ ಅವರೊಡನೆ ಆಡಬೇಕು. ಹೀಗೆ ಲೆಕ್ಕ ಕಟ್ಟಿದಾಗ "ನಿಮ್ಮ ಮೇಲೆ ಭಾರವಾಗುತ್ತೇನೋ" ಎಂಬ ದೊಡ್ಡ ಭಯ, ಉತ್ತರ ಕೊಡಬಹುದಾದ ಸಣ್ಣ ಪ್ರಶ್ನೆಯಾಗುತ್ತದೆ.

ಇಷ್ಟಾದ ಮೇಲೆ ಸಂದೇಶ ಹೀಗಿರಬಹುದು. ಪುಸ್ತಕದ ಕನ್ನಡದಲ್ಲಿ ಬೇಡ, ನೀವಿಬ್ಬರೂ ಆಡುವ ಮಾತಿನಲ್ಲೇ ಇರಲಿ:

"ನಾ ಪುಣೆಗೆ ಬರೂದು ಖರೇ, ಅದರಾಗ ಎರಡನೇ ಮಾತಿಲ್ರಿ. ಆದ್ರ ಎರಡು ಚಿಂತಿ ಅದಾವು. ಫೋನಿನಾಗ ಹೇಳಾಕ ಹೋದ್ರ ಅಳು ಬರತೈತಿ, ಅದಕ್ಕ ಬರದೀನಿ.

ಒಂದು, ಕೆಲಸ. ಮಹಾರಾಷ್ಟ್ರ ಕೌನ್ಸಿಲ್‌ನಾಗ ಹೆಸರು ದಾಖಲ ಆಗೂತನಕ ನಾ ಅಲ್ಲಿ ಸ್ಟಾಫ್ ನರ್ಸ್ ಆಗಿ ಸೇರಾಕ ಬರೂದಿಲ್ಲ. ನೀವು ಆಫೀಸಿಗೆ ಹೋದ ಮ್ಯಾಲೆ ಗುರ್ತು ಪರಿಚಯ ಇಲ್ಲದ ಊರಾಗ ದಿನಾ ಒಬ್ಬಾಕೇ ಕುಂಡ್ರೂದು, ಹಂಗ ತಿಂಗಳಗಟ್ಟಲೆ ಹೋಗಿ ಕೈ ಕಲತದ್ದು ಬಿಟ್ಟುಹೋದ್ರ ಅಂತ ನನಗ ಹೆದರಿಕಿ. ಮನಿ ಹಿಡಿಯೂಕಿಂತ ಮೊದಲ, ಚಿಂಚವಡ ಕಡೆ ಆಸ್ಪತ್ರಿಗೆ ಹೋಗಿಬರಾಕ ಅನುಕೂಲ ಆಗೂ ಜಾಗಾ ಇಬ್ರೂ ಕೂಡಿ ನೋಡೂಣು. ನನ್ನ ಹೆಸರು ಬದಲಿ ಮಾಡೂದು ಆಮ್ಯಾಲೆ ಇರಲಿ.

ಇನ್ನೊಂದು, ರೊಕ್ಕ. ಮನಿಗೆ ತಿಂಗಳಾ 8,000 ಕೊಡತೀನಿ. ನಾಕು ತಿಂಗಳಿಂದು ತಗದ ಇಟ್ಟೀನಿ. ಅಷ್ಟರಾಗ ಕೆಲಸ ಸಿಗಲಿಲ್ಲಂದ್ರ ಏನ್ ಮಾಡೂಣು? ಈಗ ಉತ್ತರ ಬ್ಯಾಡ್ರಿ. ವಿಚಾರ ಮಾಡ್ರಿ, ರವಿವಾರ ಮುಂಜಾನೆ ಮಾತಾಡೂಣು."

ಮೊದಲ ಸಾಲೇ "ಬರೂದು ಖರೇ" ಎಂದಿರುವುದನ್ನು ಗಮನಿಸಿ. ಅದು ಕೊನೆಯಲ್ಲಿ ಬಂದರೆ ಅಷ್ಟರೊಳಗೆ ಅವರ ಎದೆ ಹೊಡೆದುಕೊಳ್ಳಲು ಶುರುವಾಗಿರುತ್ತದೆ, ಉಳಿದದ್ದು ತಲೆಗೆ ಹೋಗುವುದಿಲ್ಲ. ಆದರೆ ಆ ಮಾತು ನಿಮ್ಮ ಮನಸ್ಸಿನಲ್ಲಿ ನಿಜವಾಗಿದ್ದರೆ ಮಾತ್ರ ಬರೆಯಿರಿ. "ನಿಮಗಾಗಿ ಎಲ್ಲ ಬಿಟ್ಟು ಬರುತ್ತಿದ್ದೇನೆ" ಎಂಬ ಸಾಲನ್ನು ಹಾಕಬೇಡಿ. ಸತ್ಯವಾದರೂ ಅದು ಸಾಲದ ಚೀಟಿಯ ಹಾಗೆ ಓದಿಸಿಕೊಳ್ಳುತ್ತದೆ, ಅವರು ತಮ್ಮನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ. ಕಳಿಸುವುದು ಅವರ ಆಫೀಸ್ ಮುಗಿದ ಮೇಲೆ, ಶನಿವಾರ ಸಂಜೆಯಾದರೆ ಒಳ್ಳೆಯದು. ಕೆಲಸದ ನಡುವೆ ಓದಿದವರು ಒಂದು ನಗುಮುಖದ ಚಿತ್ರ ಹಾಕಿ ಮುಗಿಸಿಬಿಡುತ್ತಾರೆ.

ಉತ್ತರ ಓದುವುದರಲ್ಲೂ ಜಾಗ್ರತೆ ಬೇಕು. "ಎಲ್ಲಾ ಸರಿ ಹೊಕ್ಕೈತಿ ಬಿಡು" ಎಂದರೆ ಕೋಪಿಸಿಕೊಳ್ಳದೆ ಒಂದೇ ಒಂದು ಪ್ರಶ್ನೆ ಮರಳಿ ಕೇಳಿ: "ವಾಕಡದಾಗ ನೋಡೂಣೇನ್ರಿ, ಹಿಂಜವಡಿಯಾಗೋ?" ಹಿಂಜವಡಿಯ ಒಳಗೇ ಮನೆ ಹಿಡಿದರೆ ಅವರಿಗೆ ಆಫೀಸ್ ಹತ್ತಿರ, ನಿಮಗೆ ಚಿಂಚವಡದ ಆಸ್ಪತ್ರೆಗೆ ಆ ರಸ್ತೆಯ ದಟ್ಟಣೆ ದಾಟಿ ಹೋಗುವ ಕಷ್ಟ. ವಾಕಡ್ ಇಬ್ಬರಿಗೂ ನಡುವೆ ಬೀಳುತ್ತದೆ. ಈ ಪ್ರಶ್ನೆಗೆ ಅವರು ಯೋಚಿಸಿ ಉತ್ತರಿಸಿದರೆ ಉಳಿದದ್ದನ್ನೂ ಮಾತಾಡಬಹುದು. ಕರಾರಿನಲ್ಲಿ ನಿಮ್ಮ ಹೆಸರನ್ನೂ ಸೇರಿಸಲು ಆಗ ಕೇಳಿ. ಪುಣೆಯಲ್ಲಿ ಬ್ಯಾಂಕಿಗೂ ಆಧಾರ್‌ನ ವಿಳಾಸ ಬದಲಾವಣೆಗೂ ನಿಮ್ಮದೇ ಹೆಸರಿನ ವಿಳಾಸದ ದಾಖಲೆ ಇದ್ದರೆ ಅನುಕೂಲ.

"ಕೆಲಸ ಯಾಕ ಬೇಕು, ಮನಿಯಾಗ ಇರು" ಎಂಬ ಉತ್ತರ ಬಂದರೆ ಮಾತ್ರ ಅದನ್ನು ಸಂದೇಶದಲ್ಲಿ ಬಗೆಹರಿಸಲು ಹೋಗಬೇಡಿ. ಅದು ಊರು ಬದಲಿಸುವ ಪ್ರಶ್ನೆಯಲ್ಲ, ಮದುವೆಯ ಬಗ್ಗೆ ನಿಮ್ಮಿಬ್ಬರ ತಿಳುವಳಿಕೆಯ ಪ್ರಶ್ನೆ. ಹಿರಿಯರು ಕೂರುವ ಮೊದಲು ನೀವಿಬ್ಬರೇ ಎದುರಾಬದುರು ಕೂತು ಮಾತಾಡಿ, ಅಲ್ಲಿಯವರೆಗೆ ರಾಜೀನಾಮೆ ಕೊಡಬೇಡಿ.