ಅಮ್ಮ ತೆಳ್ಳಗಿದ್ದಾರೋ, ಸೊರಗಿದ್ದಾರೋ?

ಪ್ರಶ್ನೆ: ಅಮ್ಮನ ಬಗ್ಗೆ ಇಂಗ್ಲಿಷ್‌ನಲ್ಲಿ ಪ್ರಬಂಧ ಬರೆದೆ. ‘ಅಮ್ಮ ಥಿನ್ ಆಗಿದ್ದಾರೆ, ದಿನಾ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ವಾಕಿಂಗ್ ಮಾಡ್ತಾರೆ’ ಅಂತಿತ್ತು. ಥಿನ್ ತೀರಾ ಸಪ್ಪೆ ಅನ್ನಿಸಿ, ಥೆಸಾರಸ್ ನೋಡಿ ಗಾಂಟ್ ಅಂತ ಬದಲಾಯಿಸಿದೆ. ಮೇಡಂ ಅದರ ಪಕ್ಕದಲ್ಲಿ ‘ಅಮ್ಮನಿಗೆ ಹುಷಾರಿಲ್ವಾ?’ ಅಂತ ಬರೆದಿದ್ದಾರೆ. ಎರಡೂ ಒಂದೇ ಅರ್ಥ ಅಲ್ವಾ?
— ಪಿಯು ವಿದ್ಯಾರ್ಥಿನಿ, ಬಸವನಗುಡಿ

ಮೇಡಂ ಕೇಳಿದ್ದು ಸರಿಯಾಗಿದೆ. ಗಾಂಟ್ ಅಂದರೆ ಕಾಯಿಲೆ, ಹಸಿವು ಅಥವಾ ಚಿಂತೆಯಿಂದ ಇಳಿದುಹೋಗಿರುವುದು. ಕೆನ್ನೆ ಒಳಗೆ ಹೋಗಿ, ಮುಖದ ಮೂಳೆ ಎದ್ದು ಕಾಣುವ ಸ್ಥಿತಿ. ಟೈಫಾಯಿಡ್ ಬಂದು ತಿಂಗಳುಗಟ್ಟಲೆ ಮಲಗಿ ಎದ್ದವರ ಮುಖಕ್ಕೆ ಆ ಪದ ಒಪ್ಪುತ್ತದೆ. ನಿಮ್ಮ ವಾಕ್ಯದಲ್ಲಿ ಅಮ್ಮ ದಿನಾ ಚುರುಕಾಗಿ ನಡೆಯುತ್ತಾರೆ. ಓದುವವರಿಗೆ ಮೊದಲ ಅರ್ಧದಲ್ಲಿ ರೋಗಿ ಕಾಣುತ್ತಾರೆ, ಎರಡನೇ ಅರ್ಧದಲ್ಲಿ ಗಟ್ಟಿಮುಟ್ಟಾದ ಹೆಂಗಸು. ಎರಡೂ ಕೂಡುವುದಿಲ್ಲ.

ಕನ್ನಡದಲ್ಲಿ ನಾವು ಈ ತಪ್ಪು ಮಾಡುವುದಿಲ್ಲ. ಮದುವೆ ಮನೆಯಲ್ಲಿ ದೊಡ್ಡಮ್ಮ ಸಿಕ್ಕಿ ‘ತೆಳ್ಳಗೆ ಲಕ್ಷಣವಾಗಿದ್ದೀಯಾ ಕಣೇ’ ಅಂದರೆ ಖುಷಿಯಾಗುತ್ತದೆ. ‘ಯಾಕೇ ಹಿಂಗೆ ಸೊರಗಿದ್ದೀಯಾ?’ ಅಂದರೆ ಅಮ್ಮನಿಗೂ ಗಾಬರಿ. ‘ಬಡಕಲು’ ಅಂದರಂತೂ ಆ ದಿನ ಊಟ ರುಚಿಸುವುದಿಲ್ಲ. ಮೈ ಅದೇ, ತೂಕ ಅದೇ. ಬೇರೆಯಾಗಿರುವುದು ಹೇಳುವವರ ಮನಸ್ಸು. ಥೆಸಾರಸ್ ಪದಗಳನ್ನು ವಿಷಯದ ಪ್ರಕಾರ ಒಟ್ಟಿಗೆ ಇಡುತ್ತದೆ, ಈ ಮನಸ್ಸನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಅದು ಹೆಚ್ಚು ಉಪಯೋಗಕ್ಕೆ ಬರುವುದು ಗೊತ್ತಿರುವ ಪದ ಬಾಯಿಗೆ ಬರದೇ ಇದ್ದಾಗ. ಗೊತ್ತಿಲ್ಲದ ಪದವನ್ನು ಅಲ್ಲಿಂದ ಹಾಗೇ ಎತ್ತಿಕೊಂಡರೆ ಹೀಗೆ ಎಡವುತ್ತೇವೆ.

ನಿಮ್ಮ ವಾಕ್ಯಕ್ಕೆ ಸ್ಲಿಮ್ ಹಾಕಿ ನೋಡಿ. ಅದರಲ್ಲಿ ಮೆಚ್ಚುಗೆ ಇದೆ, ಮೈಕಟ್ಟು ಚೆನ್ನಾಗಿದೆ ಅನ್ನುವ ಭಾವ ಇದೆ, ವಾಕಿಂಗ್ ಜೊತೆಗೂ ಹೊಂದುತ್ತದೆ. ಸ್ಕಿನ್ನಿ ಬೇಡ. ಸ್ಕಿನ್ ಅಂದರೆ ಚರ್ಮ. ಚರ್ಮ, ಮೂಳೆ ಬಿಟ್ಟರೆ ಏನೂ ಇಲ್ಲ ಅನ್ನೋ ಹಾಗೆ ಕೇಳಿಸುತ್ತದೆ. ಹುಡುಗನ ಕಡ್ಡಿ ಕಾಲಿನ ಬಗ್ಗೆ ಸ್ನೇಹಿತರು ಸಲಿಗೆಯಿಂದ ಹೇಳಬಹುದು. ಅಮ್ಮನ ಬಗ್ಗೆ ಬರೆದರೆ ಹೀಯಾಳಿಸಿದ ಹಾಗಾಗುತ್ತದೆ. ಥಿನ್ ಮಾತ್ರ ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಕಾಗದಕ್ಕೂ ನೀರುಸಾರಿಗೂ ಅದೇ ಪದ. ಹೀಗಾಗಿ ನೀವು ಮೊದಲು ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಹೊಸ ಪದ ಹಾಕುವ ಮುಂಚೆ, ಕಲಿಯುವವರಿಗಾಗಿ ಮಾಡಿದ ಇಂಗ್ಲಿಷ್ ನಿಘಂಟಿನಲ್ಲಿ ಅದರ ಉದಾಹರಣೆ ವಾಕ್ಯಗಳನ್ನು ಓದಿ. ಗಾಂಟ್ ಪಕ್ಕದಲ್ಲಿ ಮುಖ, ಕೆನ್ನೆ, ಕಾಯಿಲೆ ಮತ್ತೆ ಮತ್ತೆ ಬರುತ್ತವೆ. ಸ್ಲಿಮ್ ಪಕ್ಕದಲ್ಲಿ ಸೊಂಟ, ಮೈಕಟ್ಟು. ಮೆಚ್ಚುಗೆಯ ಪದವೋ ಅಲ್ಲವೋ ಅಂತ ಎಷ್ಟೋ ಕಡೆ ಗುರುತನ್ನೂ ಹಾಕಿರುತ್ತಾರೆ. ಆಮೇಲೆ ಆ ವಾಕ್ಯವನ್ನು ಅಮ್ಮನಿಗೇ ಕನ್ನಡದಲ್ಲಿ ಓದಿ ಹೇಳಿ. ‘ಅಮ್ಮ ಸೊರಗಿದ್ದಾರೆ’ ಅಂತ ಓದುವಾಗ ನಿಮಗೇ ಬಾಯಿ ತಡೆಯುತ್ತದೆ.