ಮೆಟ್ಟಿಲಿನ ಬದಲು ರೇಖೆ: ಅಂಕಗಳನ್ನು ಗ್ರೇಡ್ ಪಾಯಿಂಟ್‌ಗೆ ಪರಿವರ್ತಿಸುವ ತುಂಡು-ರೇಖೀಯ ವಿಧಾನ

ಯುಜಿಸಿಯ ಹತ್ತು ಅಂಶಗಳ ಮಾಪನದಲ್ಲಿ ಓ ಶ್ರೇಣಿಗೆ 10, ಎ ಪ್ಲಸ್‌ಗೆ 9, ಎ ಗೆ 8, ಬಿ ಪ್ಲಸ್‌ಗೆ 7, ಬಿ ಗೆ 6, ಸಿ ಗೆ 5, ಪಿ ಗೆ 4 ಮತ್ತು ಅನುತ್ತೀರ್ಣರಾದವರಿಗೆ ಸೊನ್ನೆ ಗ್ರೇಡ್ ಪಾಯಿಂಟ್ ಇದೆ. ಯಾವ ಅಂಕಕ್ಕೆ ಯಾವ ಶ್ರೇಣಿ ಎಂಬುದು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬದಲಾಗುತ್ತದೆ. ಈ ಟಿಪ್ಪಣಿಗಾಗಿ 90ರಿಂದ ಮೇಲೆ 10, 80–89ಕ್ಕೆ 9, 70–79ಕ್ಕೆ 8, 60–69ಕ್ಕೆ 7, 55–59ಕ್ಕೆ 6, 50–54ಕ್ಕೆ 5, 40–49ಕ್ಕೆ 4 ಎಂಬ ಕೋಷ್ಟಕವನ್ನು ಇಟ್ಟುಕೊಳ್ಳೋಣ. ಇದರ ನಕ್ಷೆ ಬರೆದರೆ ಮೆಟ್ಟಿಲುಗಳ ಸಾಲು ಕಾಣುತ್ತದೆ: 70 ಪಡೆದವರಿಗೂ 79 ಪಡೆದವರಿಗೂ ಎಂಟೇ ಪಾಯಿಂಟ್, ಆದರೆ 79ರಿಂದ 80ಕ್ಕೆ ಒಂದೇ ಅಂಕದಲ್ಲಿ ಇಡೀ ಒಂದು ಪಾಯಿಂಟ್ ಜಿಗಿತ. ಅಂಚಿನಲ್ಲಿ ನಿಂತವರು ಒಂದು ಅಂಕಕ್ಕಾಗಿ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಜಿಗಿತಗಳು ಎಸ್‌ಜಿಪಿಎ, ಅಂದರೆ ಒಂದು ಸೆಮಿಸ್ಟರ್‌ನ ಗ್ರೇಡ್ ಪಾಯಿಂಟ್‌ಗಳಿಗೆ ಕ್ರೆಡಿಟ್‌ಗಳ ತೂಕ ಕೊಟ್ಟು ತೆಗೆದ ಸರಾಸರಿಯ ಲೆಕ್ಕದಲ್ಲಿ ಏನು ಮಾಡುತ್ತವೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಕ್ರಮವಾಗಿ 4, 3 ಮತ್ತು 3 ಕ್ರೆಡಿಟ್‌ಗಳ ಮೂರು ವಿಷಯಗಳಿವೆ ಎಂದುಕೊಳ್ಳಿ. ಮೊದಲ ವಿದ್ಯಾರ್ಥಿಗೆ 79, 69, 59 ಬಂದಿದೆ. ಎರಡನೆಯವರಿಗೆ 80, 60, 60. ಕ್ರೆಡಿಟ್‌ಗಳ ತೂಕ ಕೊಟ್ಟು ಅಂಕಗಳ ಸರಾಸರಿ ತೆಗೆದರೆ ಮೊದಲನೆಯವರದು 70, ಎರಡನೆಯವರದು 68. ಆದರೆ ಮೆಟ್ಟಿಲಿನ ಕೋಷ್ಟಕದಂತೆ ಮೊದಲನೆಯವರಿಗೆ 8, 7, 6 ಪಾಯಿಂಟ್‌ಗಳು ಸಿಕ್ಕಿ ಎಸ್‌ಜಿಪಿಎ 7.10 ಆಗುತ್ತದೆ, ಎರಡನೆಯವರಿಗೆ 9, 7, 7 ಸಿಕ್ಕಿ 7.80 ಆಗುತ್ತದೆ. ಹೆಚ್ಚು ಅಂಕ ಪಡೆದವರು ಹಿಂದೆ ಬಿದ್ದದ್ದು ಮಾತ್ರವಲ್ಲ, ಸಾಕಷ್ಟು ದೂರ ಹಿಂದೆ ಬಿದ್ದರು.

ತುಂಡು-ರೇಖೀಯ ವಿಧಾನದಲ್ಲಿ ಪ್ರತಿ ಶ್ರೇಣಿಯ ಕೆಳ ಅಂಚನ್ನು ಒಂದು ಬಿಂದುವಾಗಿ ಗುರುತಿಸಿ, ಅಂದರೆ (40, 4), (50, 5), (55, 6), (60, 7), (70, 8), (80, 9), (90, 10) ಎಂಬ ಬಿಂದುಗಳನ್ನಿಟ್ಟು, ಪಕ್ಕಪಕ್ಕದ ಬಿಂದುಗಳನ್ನು ಸರಳ ರೇಖೆಯಿಂದ ಜೋಡಿಸುತ್ತೇವೆ. ನಡುವಿನ ಅಂಕಗಳಿಗೆ ರೇಖೀಯ ಅಂತರ್ವೇಶನದ ಸೂತ್ರ ಸಾಕು:

```
g = g0 + (m - m0) * (g1 - g0) / (m1 - m0)
```

ಇಲ್ಲಿ m ಎಂದರೆ ಪಡೆದ ಅಂಕ. m0, g0 ಕೆಳಗಿನ ಬಿಂದುವಿನವು, m1, g1 ಮೇಲಿನ ಬಿಂದುವಿನವು. 79 ಅಂಕಕ್ಕೆ 8 + 9 × (1/10) = 8.9 ಬರುತ್ತದೆ. 69ಕ್ಕೆ 7.9. 59 ಅಂಕವು 55 ಮತ್ತು 60ರ ನಡುವೆ ಇರುವುದರಿಂದ 6 + 4 × (1/5) = 6.8. ಹೀಗೆ ಮೊದಲ ವಿದ್ಯಾರ್ಥಿಯ ಎಸ್‌ಜಿಪಿಎ (35.6 + 23.7 + 20.4) / 10 = 7.97 ಆಗುತ್ತದೆ. ಎರಡನೆಯವರ ಮೂರೂ ಅಂಕಗಳು ಅಂಚಿನ ಮೇಲೆಯೇ ಇದ್ದುದರಿಂದ ಅವರದು 7.80ರಲ್ಲೇ ಉಳಿಯುತ್ತದೆ. ಅಕ್ಷರ ಶ್ರೇಣಿ ಬದಲಾಗುವುದಿಲ್ಲ ಎಂಬುದನ್ನು ಗಮನಿಸಬೇಕು: 8.9ರ ದಶಮಾಂಶ ಭಾಗವನ್ನು ಕೈಬಿಟ್ಟರೆ ಹಳೆಯ 8 ಸಿಗುತ್ತದೆ, ಆದ್ದರಿಂದ ಅಂಕಪಟ್ಟಿಯಲ್ಲಿ ಎ ಎಂದೇ ಇರುತ್ತದೆ.

ಬಿಂದುಗಳನ್ನು ಬರೆದುಕೊಳ್ಳುವಾಗ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಕೋಷ್ಟಕದಲ್ಲಿ 70–79 ಎಂದು ಅಚ್ಚಾಗಿರುವುದರಿಂದ ಶ್ರೇಣಿಯ ಮೇಲಂಚು 79 ಎಂದು ಭಾವಿಸಿ (70, 8) ಮತ್ತು (79, 9) ನಡುವೆ ರೇಖೆ ಎಳೆದರೆ, 79ಕ್ಕೂ 80ಕ್ಕೂ 9 ಪಾಯಿಂಟೇ ಸಿಗುತ್ತದೆ ಮತ್ತು ಪ್ರತಿ ಶ್ರೇಣಿಯ ಕೊನೆಯಲ್ಲೂ ಒಂದು ಸಣ್ಣ ಸಮತಟ್ಟು ಉಳಿಯುತ್ತದೆ. ಮೇಲಂಚು ಎಂದರೆ ಮುಂದಿನ ಶ್ರೇಣಿಯ ಆರಂಭ. 79ರ ಮತ್ತು 80ರ ಪಾಯಿಂಟ್‌ಗಳ ವ್ಯತ್ಯಾಸ ಸರಿಯಾಗಿ 0.1 ಇದೆಯೇ ಎಂದು ನೋಡಿದರೆ ಈ ತಪ್ಪು ಕೂಡಲೇ ಬಯಲಾಗುತ್ತದೆ.

ಬಿಂದುವನ್ನು ಕೆಳ ಅಂಚಿನಲ್ಲೇ ಏಕೆ ಇಡಬೇಕು, ಶ್ರೇಣಿಯ ನಡುವೆ ಏಕೆ ಇಡಬಾರದು ಎಂಬ ಪ್ರಶ್ನೆ ನ್ಯಾಯವಾದದ್ದು, ಮತ್ತು ಇಡೀ ವಿಧಾನದಲ್ಲಿ ನಿಜವಾಗಿ ಚರ್ಚೆಗೆ ಯೋಗ್ಯವಾದ ಆಯ್ಕೆ ಇದೊಂದೇ. ಕೆಳ ಅಂಚಿನಲ್ಲಿ ಇಟ್ಟರೆ ಯಾರ ಪಾಯಿಂಟೂ ಮೊದಲಿಗಿಂತ ಕಡಿಮೆಯಾಗುವುದಿಲ್ಲ, ಆದರೆ 40 ಮತ್ತು 90ರ ನಡುವಿನವರೆಲ್ಲರದೂ ಸರಾಸರಿಯಲ್ಲಿ ಏರುತ್ತದೆ. 70ರಿಂದ 79ರವರೆಗೆ ಅಂಕಗಳು ಸಮವಾಗಿ ಹರಡಿದ್ದರೆ ಈ ಏರಿಕೆ 0.45ರಷ್ಟು. 90 ದಾಟಿದವರಿಗೆ ಮಾತ್ರ ಯಾವ ಲಾಭವೂ ಇಲ್ಲ, ಏಕೆಂದರೆ ಅವರು ಆಗಲೇ 10ರಲ್ಲಿದ್ದಾರೆ. ಬಿಂದುಗಳನ್ನು ಶ್ರೇಣಿಯ ನಡುವೆ, ಅಂದರೆ 75ಕ್ಕೆ 8, 65ಕ್ಕೆ 7 ಎಂದು ಇಟ್ಟರೆ ಈ ಉಬ್ಬರ ಬಹುಮಟ್ಟಿಗೆ ಇಲ್ಲವಾಗುತ್ತದೆ. ಆದರೆ 70 ಪಡೆದವರಿಗೆ 8ರ ಬದಲು 7.5 ಸಿಗುತ್ತದೆ, ಅಕ್ಷರ ಶ್ರೇಣಿ ಎ ಎಂದಿದ್ದರೂ ಸಂಖ್ಯೆ ಅದಕ್ಕಿಂತ ಕೆಳಗಿರುತ್ತದೆ. ಕೆಳ ಅಂಚಿನ ಆಯ್ಕೆಯೇ ಮೇಲು ಎಂಬುದು ನನ್ನ ಅಭಿಪ್ರಾಯ, ಆದರೆ ಅದನ್ನು ಹೊಸದಾಗಿ ಸೇರುವ ವಿದ್ಯಾರ್ಥಿಗಳ ತಂಡದಿಂದಲೇ ಜಾರಿಗೆ ತರಬೇಕು. ಮೆಟ್ಟಿಲಿನಲ್ಲಿ ಲೆಕ್ಕ ಹಾಕಿದ 7.8ನ್ನೂ ರೇಖೆಯಲ್ಲಿ ಲೆಕ್ಕ ಹಾಕಿದ 7.8ನ್ನೂ ಒಂದೇ ರ‍್ಯಾಂಕ್ ಪಟ್ಟಿಯಲ್ಲಿ ಹೋಲಿಸುವುದು ಸರಿಯಲ್ಲ.

ಇಂಥ ಪರಿವರ್ತನೆ ಕೇವಲ ಕಾಗದದ ಮೇಲಿನ ಕಲ್ಪನೆಯಲ್ಲ. ಇಂಗ್ಲೆಂಡಿನಲ್ಲಿ ಎ-ಲೆವೆಲ್ ಪರೀಕ್ಷೆಗಳು ಮಾಡ್ಯೂಲ್‌ಗಳಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಪ್ರತಿ ಪ್ರಶ್ನೆಪತ್ರಿಕೆಯ ಮೂಲ ಅಂಕಗಳನ್ನು ಶ್ರೇಣಿಯ ಗಡಿಗಳ ನಡುವೆ ರೇಖೀಯವಾಗಿ ಯುಎಂಎಸ್ ಎಂಬ ಏಕರೂಪ ಮಾಪನಕ್ಕೆ ತರುತ್ತಿದ್ದರು. ಎ ಗಡಿ ಯಾವಾಗಲೂ ಶೇ. 80, ಬಿ ಗಡಿ ಶೇ. 70. ಒಂದು ಪತ್ರಿಕೆಯಲ್ಲಿ ಬಿ ಗಡಿ 51, ಎ ಗಡಿ 58 ಎಂದು ನಿಗದಿಯಾದರೆ, 54 ಪಡೆದವರಿಗೆ 70 + 3 × (10/7), ಅಂದರೆ ಸುಮಾರು 74 ಸಿಗುತ್ತಿತ್ತು.

ಅಂತರ್ವೇಶನವು ಮೆಟ್ಟಿಲನ್ನು ತೆಗೆಯುತ್ತದೆ, ಕೋಷ್ಟಕದ ಓರೆಯನ್ನಲ್ಲ. ನಮ್ಮ ಕೋಷ್ಟಕದಲ್ಲಿ 50ರಿಂದ 60ರವರೆಗಿನ ಹತ್ತು ಅಂಕಗಳಲ್ಲಿ ಎರಡು ಪಾಯಿಂಟ್ ಏರುತ್ತದೆ, 40ರಿಂದ 90ರವರೆಗಿನ ಉಳಿದೆಡೆ ಹತ್ತು ಅಂಕಕ್ಕೆ ಒಂದೇ. ಅಂದರೆ ಆ ತುಂಡಿನಲ್ಲಿ ರೇಖೆಯ ಇಳಿಜಾರು ಇಮ್ಮಡಿ. ಸಮಾನ ಕ್ರೆಡಿಟ್‌ನ ಎರಡು ವಿಷಯಗಳಲ್ಲಿ 55 ಮತ್ತು 75 ಪಡೆದವರಿಗೆ 6 + 8.5 = 14.5, 60 ಮತ್ತು 70 ಪಡೆದವರಿಗೆ 7 + 8 = 15; ಇಬ್ಬರ ಒಟ್ಟು ಅಂಕವೂ 130. ಇದು ಬೇಡವಾದರೆ ಗಡಿಗಳನ್ನೇ ಸಮ ಅಂತರದಲ್ಲಿ ಇಡಬೇಕು.

ಒಂದು ಜಿಗಿತವನ್ನು ಮಾತ್ರ ಉದ್ದೇಶಪೂರ್ವಕವಾಗಿ ಉಳಿಸಿಕೊಳ್ಳುತ್ತೇವೆ. 40ಕ್ಕಿಂತ ಕೆಳಗೆ ರೇಖೆಯನ್ನು ಮುಂದುವರಿಸಿದರೆ 39 ಪಡೆದವರಿಗೆ 3.9 ಪಾಯಿಂಟ್ ಸಿಕ್ಕಿ, ಅನುತ್ತೀರ್ಣವಾದ ವಿಷಯವೂ ಎಸ್‌ಜಿಪಿಎಯನ್ನು ಹೆಚ್ಚಿಸತೊಡಗುತ್ತದೆ. ಪೈಥಾನ್‌ನಲ್ಲಿ ಬರೆಯುವವರಿಗೆ ಇಲ್ಲೇ ಒಂದು ಗುಂಡಿ ಕಾದಿದೆ: `np.interp` ಮೊದಲ ಬಿಂದುವಿಗಿಂತ ಕೆಳಗಿನ ಎಲ್ಲ ಅಂಕಗಳಿಗೂ ಮೊದಲ ಬಿಂದುವಿನ ಮೌಲ್ಯವನ್ನೇ ಕೊಡುವುದರಿಂದ 12 ಅಂಕಕ್ಕೂ 4 ಪಾಯಿಂಟ್ ಬರುತ್ತದೆ. ಅದನ್ನು ಬೇರೆಯಾಗಿ ತಡೆಯಬೇಕು.

```python
import numpy as np
xs = [40, 50, 55, 60, 70, 80, 90]
gs = [4, 5, 6, 7, 8, 9, 10]

def gp(m):
    if m < 40:
        return 0.0
    return float(np.interp(m, xs, gs))
```

ಕೋಷ್ಟಕಗಳನ್ನು 90ರಿಂದ ಕೆಳಕ್ಕೆ ಅಚ್ಚು ಹಾಕುವ ರೂಢಿ ಇದೆ. ಅದೇ ಕ್ರಮದಲ್ಲಿ `xs` ತುಂಬಿದರೆ ಈ ಫಂಕ್ಷನ್ ಯಾವ ದೋಷವನ್ನೂ ತೋರಿಸದೆ ತಪ್ಪು ಉತ್ತರ ಕೊಡುತ್ತದೆ, ಏಕೆಂದರೆ ಬಿಂದುಗಳು ಏರಿಕೆಯ ಕ್ರಮದಲ್ಲಿವೆಯೇ ಎಂದು ಅದು ಪರೀಕ್ಷಿಸುವುದಿಲ್ಲ. ಏಳೂ ಅಂಚುಗಳಲ್ಲಿ ಹಳೆಯ ಪಾಯಿಂಟ್‌ಗಳೇ ಬರುತ್ತವೆಯೇ, 39ಕ್ಕೆ ಸೊನ್ನೆ ಬರುತ್ತದೆಯೇ ಮತ್ತು 40ರಿಂದ 100ರವರೆಗೆ ಎಲ್ಲಿಯೂ ಪಾಯಿಂಟ್ ಇಳಿಯುವುದಿಲ್ಲವೇ ಎಂದು ನೋಡಿಕೊಳ್ಳುವುದು ಸಾಕಷ್ಟು ಒಳ್ಳೆಯ ಪರೀಕ್ಷೆ. ಪೂರ್ಣಾಂಕಕ್ಕೆ ತರುವ ಕೆಲಸವನ್ನು ಪ್ರತಿ ವಿಷಯದ ಪಾಯಿಂಟ್ ಮೇಲೆ ಮಾಡಿದರೆ ಮೆಟ್ಟಿಲುಗಳು ಹಿಂಬಾಗಿಲಿನಿಂದ ಮರಳಿ ಬರುತ್ತವೆ, ಅದೂ 75ರಂಥ ಹೊಸ ಜಾಗಗಳಲ್ಲಿ. ಆದ್ದರಿಂದ ಕ್ರೆಡಿಟ್‌ಗಳ ಮೊತ್ತ ಮುಗಿದ ಮೇಲೆ, ಎಸ್‌ಜಿಪಿಎಯನ್ನು ಮಾತ್ರ ಎರಡು ದಶಮಾಂಶ ಸ್ಥಾನಗಳಿಗೆ ತರಬೇಕು.