ಸಾಲದ ಕಂತಿನ ಪಟ್ಟಿ: ಒಂದೊಂದು ಸಾಲನ್ನೂ ಕೈಯಲ್ಲೇ ಲೆಕ್ಕ ಹಾಕೋಣ

ಕಂತು ಪ್ರತಿ ತಿಂಗಳೂ ಒಂದೇ. ಆದರೆ ಅದರೊಳಗಿನ ಬಡ್ಡಿ ತಿಂಗಳು ತಿಂಗಳು ಇಳಿಯುತ್ತದೆ, ಅಸಲು ಏರುತ್ತದೆ. ಇದು ಯಾಕೆ ಅಂತ ಸೂತ್ರ ನೋಡಿದಾಗ ನನಗೆ ಹೊಳೆದಿರಲಿಲ್ಲ. ಪೆನ್ಸಿಲ್ ಹಿಡಿದು ಆರು ಸಾಲು ಬರೆದ ಮೇಲೆ ಹೊಳೆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಾಲ 1,00,000. ಬಡ್ಡಿ ವರ್ಷಕ್ಕೆ 12%, ಅಂದರೆ ತಿಂಗಳಿಗೆ 1%. ಅವಧಿ 6 ತಿಂಗಳು. ಸಮಾನ ಕಂತಿನ ಸೂತ್ರ ಹಾಕಿದರೆ 17,254.84 ಬರುತ್ತದೆ. ಇದನ್ನು 17,255 ಅಂತ ಇಟ್ಟುಕೊಳ್ಳೋಣ.

ಇನ್ನು ಬೇಕಾಗಿರುವುದು ಮೂರೇ ಹೆಜ್ಜೆ. ಹಿಂದಿನ ತಿಂಗಳ ಬಾಕಿಗೆ 1% ಬಡ್ಡಿ ಹಾಕಬೇಕು. ಕಂತಿನಿಂದ ಆ ಬಡ್ಡಿಯನ್ನು ಕಳೆದರೆ ಉಳಿಯುವುದು ಅಸಲು. ಹಿಂದಿನ ಬಾಕಿಯಿಂದ ಈ ಅಸಲನ್ನು ಕಳೆದರೆ ಹೊಸ ಬಾಕಿ. ಮೊದಲ ತಿಂಗಳಲ್ಲಿ ಬಡ್ಡಿ 1,000, ಅಸಲು 16,255, ಬಾಕಿ 83,745. ಎರಡನೇ ತಿಂಗಳ ಬಡ್ಡಿ ಬೀಳುವುದು ಈ 83,745ರ ಮೇಲೆ ಮಾತ್ರ. ಅದು 837.45, ಪೂರ್ಣಾಂಕ ಮಾಡಿದರೆ 837.

| ತಿಂಗಳು | ಕಂತು | ಬಡ್ಡಿ | ಅಸಲು | ಬಾಕಿ |
|---|---|---|---|---|
| 1 | 17,255 | 1,000 | 16,255 | 83,745 |
| 2 | 17,255 | 837 | 16,418 | 67,327 |
| 3 | 17,255 | 673 | 16,582 | 50,745 |
| 4 | 17,255 | 507 | 16,748 | 33,997 |
| 5 | 17,255 | 340 | 16,915 | 17,082 |
| 6 | 17,253 | 171 | 17,082 | 0 |

ಈಗ ಅಸಲಿನ ಕಾಲಂ ಮಾತ್ರ ನೋಡಿ. 16,255ಕ್ಕೆ ಅದರ 1% ಸೇರಿಸಿದರೆ 16,418. ಅದಕ್ಕೆ ಮತ್ತೆ 1% ಸೇರಿಸಿದರೆ 16,582. ಇದು ಕಾಕತಾಳೀಯ ಅಲ್ಲ. ಮೊದಲ ತಿಂಗಳು 16,255 ಅಸಲು ತೀರಿತು, ಅಲ್ವಾ? ಮುಂದಿನ ತಿಂಗಳಿನಿಂದ ಅಷ್ಟು ಹಣದ ಮೇಲೆ ಬಡ್ಡಿ ಇಲ್ಲ. ಹಾಗೆ ಉಳಿದ 163 ಕಂತಿನೊಳಗೇ ಇರುತ್ತದೆ, ಆದ್ದರಿಂದ ಅಸಲಿನ ಪಾಲಿಗೆ ಸೇರುತ್ತದೆ. ಹೀಗಾಗಿ ಅಸಲಿನ ಭಾಗ ಪ್ರತಿ ತಿಂಗಳೂ ಬಡ್ಡಿ ದರದಷ್ಟೇ ಬೆಳೆಯುತ್ತದೆ. ಯಾವುದೇ ಸಮಾನ ಕಂತಿನ ಪಟ್ಟಿ ಸಿಕ್ಕರೂ ನಾನು ಮೊದಲು ಇದನ್ನೇ ಪರೀಕ್ಷಿಸುತ್ತೇನೆ. ಒಂದು ತಿಂಗಳ ಅಸಲನ್ನು ಅದರ ಹಿಂದಿನ ತಿಂಗಳ ಅಸಲಿನಿಂದ ಭಾಗಿಸಿ 1 ಕಳೆದರೆ ತಿಂಗಳ ದರ ತಾನಾಗಿ ಹೊರಬರುತ್ತದೆ.

ಕೊನೆಯ ಕಂತು 2 ಕಡಿಮೆ ಇದೆಯಲ್ಲ, ಅದು ತಪ್ಪಲ್ಲ. ಕಂತನ್ನು 17,254.84ರಿಂದ ಸ್ವಲ್ಪ ಮೇಲಕ್ಕೆ ಏರಿಸಿದ್ದೆವು, ಬಡ್ಡಿಯನ್ನೂ ಪೂರ್ಣಾಂಕ ಮಾಡಿದ್ದೆವು. ಆ ಚಿಲ್ಲರೆ ವ್ಯತ್ಯಾಸವೆಲ್ಲ ಕೊನೆಯ ಸಾಲಿಗೆ ಬಂದು ಸೇರುತ್ತದೆ. ಅದಕ್ಕೇ ಕೊನೆಯ ಕಂತನ್ನು ಸೂತ್ರದಿಂದ ತೆಗೆಯಬಾರದು. ಉಳಿದ ಬಾಕಿ 17,082, ಅದರ ಬಡ್ಡಿ 171, ಎರಡನ್ನೂ ಕೂಡಿಸಿ ಕಟ್ಟಬೇಕು. ಒಟ್ಟು ಬಡ್ಡಿ 3,528, ಅಸಲಿನ ಮೊತ್ತ ಸರಿಯಾಗಿ 1,00,000.

ಸ್ಪ್ರೆಡ್‌ಶೀಟಿನಲ್ಲಿ ಮಾಡುವುದಾದರೆ B ಕಂತು, C ಬಡ್ಡಿ, D ಅಸಲು, E ಬಾಕಿ ಅಂತ ಇಟ್ಟುಕೊಳ್ಳಿ. E2ರಲ್ಲಿ ಸಾಲದ ಮೊತ್ತ ಇರಲಿ, ಮೊದಲ ತಿಂಗಳು 3ನೇ ಸಾಲಿನಲ್ಲಿ ಬರಲಿ.

```
B3: =ROUND(PMT(1%,6,-$E$2),0)
C3: =ROUND(E2*1%,0)
D3: =B3-C3
E3: =E2-D3
B8: =E7+C8
```

ಮೊದಲ ನಾಲ್ಕನ್ನು 8ನೇ ಸಾಲಿನವರೆಗೆ ಕೆಳಗೆ ಎಳೆದು, ಆಮೇಲೆ B8ರಲ್ಲಿ ಕೊನೆಯದನ್ನು ಬರೆಯಿರಿ. ನಾನು ಮೊದಲ ಸಲ C3ರಲ್ಲೂ $E$2 ಅಂತ ಹಾಕಿಬಿಟ್ಟಿದ್ದೆ. ಆಗ ಬಡ್ಡಿ ಆರೂ ತಿಂಗಳು 1,000ದಲ್ಲೇ ನಿಂತಿತು. ಕೊನೆಯ ಸಾಲಿಗೂ ಅದೇ 17,255 ಇಟ್ಟಿದ್ದರಿಂದ ಕೊನೆಗೆ 2,470 ಬಾಕಿ ಉಳಿಯಿತು. B8ರ ಸೂತ್ರ ಮೊದಲೇ ಇದ್ದಿದ್ದರೆ ಬಾಕಿ ಸುಮ್ನೆ ಸೊನ್ನೆ ತೋರಿಸಿ ತಪ್ಪು ಮುಚ್ಚಿಹೋಗುತ್ತಿತ್ತು. ಆದ್ದರಿಂದ ಕೊನೆಯ ಕಂತು ಉಳಿದವಕ್ಕಿಂತ ತುಂಬಾ ಬೇರೆ ಬಂದರೆ ಬಡ್ಡಿ ಕಾಲಂ ಮೇಲೆ ಕಣ್ಣು ಹಾಯಿಸಿ.

ಆರು ತಿಂಗಳ ಪಟ್ಟಿಯಲ್ಲಿ ಬಡ್ಡಿ ಸಣ್ಣದಾಗಿ ಕಾಣುತ್ತದೆ. ಅದೇ 1,00,000ವನ್ನು 9% ದರದಲ್ಲಿ 240 ತಿಂಗಳಿಗೆ ಹಾಕಿ ನೋಡಿ. ಕಂತು ಸುಮಾರು 900. ಮೊದಲ ತಿಂಗಳು ಅದರಲ್ಲಿ 750 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸಿಗುವುದು ಬರೀ 150. ಈ 150 ತಿಂಗಳಿಗೆ 0.75% ಮಾತ್ರ ಬೆಳೆಯುತ್ತಾ ಹೋಗುತ್ತದೆ. ಅರ್ಧ ಅವಧಿ, ಅಂದರೆ 120 ಕಂತು ಮುಗಿದಾಗಲೂ ಸುಮಾರು 71,000 ಬಾಕಿ ಇರುತ್ತದೆ. ಅಸಲಿನ ಭಾಗ ಬಡ್ಡಿಯನ್ನು ದಾಟುವುದು 149ನೇ ತಿಂಗಳಲ್ಲಿ.